ಶಿಫಾರಸು ಪತ್ರ ಕೇಳಿದ ಇಮೇಲ್‌ಗೆ ಉತ್ತರವೇ ಇಲ್ಲ

ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರು ಪಿಎಚ್.ಡಿ. ಅರ್ಜಿಗೆ ಶಿಫಾರಸು ಪತ್ರ ಕೋರಿ ಪ್ರಾಧ್ಯಾಪಕರಿಗೆ ಇಮೇಲ್ ಕಳಿಸಿ ಕಾಯುತ್ತಿದ್ದಾರೆ. ವಿಷಯದ ಸಾಲು ‘ಒಂದು ವಿನಂತಿ’. ಮೊದಲ ವಾಕ್ಯ ‘ಸರ್, ತಾವು ಕ್ಷೇಮವೆಂದು ಭಾವಿಸುತ್ತೇನೆ.’

ವಿನಯದಲ್ಲಿ ತಪ್ಪಿಲ್ಲ, ಅದು ಕೂತ ಜಾಗ ಸರಿಯಿಲ್ಲ. ಮೊಬೈಲಿನ ಇನ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ವಿಷಯದ ಸಾಲಿನ ಕೆಲವು ಪದಗಳು, ಕೆಳಗೆ ಪತ್ರದ ಆರಂಭದ ತುಣುಕು. ಎರಡು ತರಗತಿಗಳ ನಡುವೆ ಫೋನ್ ನೋಡುವ ಪ್ರಾಧ್ಯಾಪಕರಿಗೆ ಅಲ್ಲಿ ಸಿಕ್ಕಿದ್ದು ಕುಶಲೋಪರಿ ಮಾತ್ರ. ಏನು ಬೇಕು, ಯಾವಾಗ ಬೇಕು ಎಂಬುದು ನಾಲ್ಕನೇ ಪ್ಯಾರಾದಲ್ಲಿತ್ತು.

ವಿಷಯದ ಸಾಲು ಹೀಗಿರಲಿ: ‘ಶಿಫಾರಸು ಪತ್ರ, ಜನವರಿ 20ರೊಳಗೆ: ಪಿಎಚ್.ಡಿ. ಅರ್ಜಿಗೆ’. ಕೆಲಸವೂ ಗಡುವೂ ಮೊದಲೇ ಬಂದಿರುವುದರಿಂದ ಸಾಲಿನ ತುದಿ ಕಾಣದಿದ್ದರೂ ನಷ್ಟವಿಲ್ಲ. ‘ತುರ್ತು’ ಎಂಬ ಪದ ಬೇಡ. ದಿನಾಂಕವೇ ಅದನ್ನು ಹೇಳುತ್ತದೆ.

ಆರಂಭ: ‘ಸರ್, ನನ್ನ ಪಿಎಚ್.ಡಿ. ಅರ್ಜಿಗೆ ಜನವರಿ 20ರೊಳಗೆ ಶಿಫಾರಸು ಪತ್ರ ಬರೆದುಕೊಡಲು ತಮಗೆ ಸಾಧ್ಯವೇ? ಕಳೆದ ವರ್ಷ ತಮ್ಮ ಮಾರ್ಗದರ್ಶನದಲ್ಲಿ ಪಾಲಿಮರ್ ಪ್ರಾಜೆಕ್ಟ್ ಮಾಡಿದ್ದೆ.’ ಪ್ರಶ್ನೆಯ ರೂಪದಲ್ಲಿರುವುದರಿಂದ ಹೌದು, ಇಲ್ಲ ಎಂದು ಒಂದೇ ಪದದಲ್ಲಿ ಉತ್ತರಿಸಬಹುದು. ಎರಡನೇ ವಾಕ್ಯ ನೆನಪಿಗೆ ಆಧಾರ ಕೊಡುತ್ತದೆ. ಬರೀ ‘ಹಳೆಯ ವಿದ್ಯಾರ್ಥಿನಿ’ ಎಂದು ಬರೆದರೆ ನೂರಾರು ಮುಖಗಳು ನೆನಪಾಗುತ್ತವೆ. ಕುಶಲ ವಿಚಾರಣೆ ಕೊನೆಯಲ್ಲಿ ಬರಲಿ.

ಹಳೆಯ ಇಮೇಲ್‌ಗೇ ನೆನಪೋಲೆ ಜೋಡಿಸಿದರೆ ಮತ್ತೆ ‘ಒಂದು ವಿನಂತಿ’ಯೇ ಕಾಣುತ್ತದೆ. ಈ ವಿದ್ಯಾರ್ಥಿನಿ ಹೊಸ ಇಮೇಲನ್ನೇ ಬರೆಯಬೇಕು, ಸ್ವವಿವರ ಲಗತ್ತಿಸಬೇಕು.