ಕರು ಹಾಕಿದ ಹಸು ಏಳದಿದ್ದರೆ: ಹಾಲು ಜ್ವರದ ಕಾರಣ ಮತ್ತು ಉಪಾಯ



ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ಕಾಯಿ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲೇ ಇರುತ್ತಾರೆ. ಕೊಟ್ಟಿಗೆಯ ಕಡೆ ಗಮನ ಕಡಿಮೆಯಾಗುವುದು ಆಗಲೇ. ಸಂತೇಬೆನ್ನೂರಿನ ಹತ್ತಿರದ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಇಂತಹ ದಿನದಲ್ಲಿ ನಡೆದ ಸಂಗತಿಯೇ ಈ ಸಲದ ಪಾಠ.

ಅವರ ಹಸು ಎಚ್.ಎಫ್. ಮಿಶ್ರತಳಿಯದು. ಹಿಂದಿನ ಸಲ ದಿನಕ್ಕೆ 18 ಲೀಟರ್ ಕೊಟ್ಟಿತ್ತು. ನಾಲ್ಕನೆಯ ಕರುವನ್ನು ಸಂಜೆ ಸುಲಭವಾಗಿ ಹಾಕಿತು. ಕೆಚ್ಚಲು ಬಿಗಿದಿದೆಯೆಂದು ಪೂರ್ತಿ ಹಿಂಡಿ, 9 ಲೀಟರ್ ಗಿಣ್ಣುಹಾಲು ತೆಗೆದು ನೆರೆಹೊರೆಗೆಲ್ಲ ಹಂಚಿದರು. ಮರುದಿನ ಬೆಳಿಗ್ಗೆ ಹಸು ಮೇವು ಮುಟ್ಟಲಿಲ್ಲ. ಹಿಂಗಾಲು ಎತ್ತಿಡುವಾಗ ತಡವರಿಸಿತು, ತೊಡೆಯ ಮಾಂಸಖಂಡ ಅದುರುತ್ತಿತ್ತು. ಈದ ಆಯಾಸ ಎಂದುಕೊಂಡು ಎಲ್ಲರೂ ತೋಟಕ್ಕೆ ಹೋದರು. ಮಧ್ಯಾಹ್ನ ಬಂದು ನೋಡಿದರೆ ಹಸು ಕುಳಿತಿದೆ, ಕತ್ತು ಮಡಿಸಿ ತಲೆಯನ್ನು ಪಕ್ಕೆಗೆ ಒರಗಿಸಿದೆ. ಎಬ್ಬಿಸಿದರೆ ಏಳುವುದಿಲ್ಲ. ಕಿವಿ ತಣ್ಣಗಿದೆ, ಮೂತಿ ಒಣಗಿದೆ, ಸಗಣಿಯಿಲ್ಲ, ಮೆಲುಕಿಲ್ಲ.

ಇದೇ ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯಾಗುವುದಿಲ್ಲ. ಹಸುವಿನ ಸಾಮಾನ್ಯ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ ಅದು 100ಕ್ಕಿಂತ ಕೆಳಗೆ ಇಳಿಯುವುದೇ ಹೆಚ್ಚು. ಈದ ಹಸು ಮಲಗಿದ್ದು, ಉಷ್ಣತೆ 103ರ ಮೇಲಿದ್ದರೆ ಕೆಚ್ಚಲು ಬಾವು ಅಥವಾ ಗರ್ಭಕೋಶದ ಸೋಂಕನ್ನು ಸಂಶಯಿಸಬೇಕು. ಚುರುಕಾಗಿ ನೋಡುತ್ತ, ಮೇವು ತಿನ್ನುತ್ತ, ಆದರೆ ಏಳಲಾಗದೆ ಇದ್ದರೆ ಕರು ಹೊರಬರುವಾಗ ಕಾಲಿನ ನರಕ್ಕೆ ಪೆಟ್ಟಾಗಿರಬಹುದು. ಕೊಟ್ಟಿಗೆಯಲ್ಲಿ ಒಂದು ಥರ್ಮಾಮೀಟರ್ ಇರುವುದು ಇದಕ್ಕಾಗಿಯೇ ಅವಶ್ಯ.

ಈಗ ಕಾರಣವನ್ನು ನೋಡೋಣ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಹರಿಯುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಒಂದು ಲೀಟರ್ ಗಿಣ್ಣುಹಾಲಿನಲ್ಲಿ 2 ಗ್ರಾಮಿಗೂ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ನಮ್ಮ ಸದಸ್ಯರು ತೆಗೆದ 9 ಲೀಟರಿನಲ್ಲಿ ಸುಮಾರು 20 ಗ್ರಾಂ ಹೊರಗೆ ಹೋಯಿತು. ಹಸುವಿನ ಎಲುಬಿನಲ್ಲಿ ಕ್ಯಾಲ್ಸಿಯಂ ಕಿಲೋಗಟ್ಟಲೆ ಇದೆ. ಆದರೆ ಎಲುಬಿನಿಂದ ಕರಗಿ ಬರಲು, ಕರುಳಿನಿಂದ ಹೆಚ್ಚು ಹೀರಿಕೊಳ್ಳಲು ಶರೀರಕ್ಕೆ ಒಂದೆರಡು ದಿನ ಬೇಕು. ಆ ನಡುವೆ ರಕ್ತದಲ್ಲಿ ಅಭಾವವಾದಾಗ ಸ್ನಾಯುಗಳು ಸೋಲುತ್ತವೆ. ಕೊನೆಗೆ ಹೃದಯವೂ ಸೋಲುತ್ತದೆ. ಹೆಚ್ಚಿನ ಪ್ರಕರಣಗಳು ಈದ ಮೂರು ದಿನಗಳೊಳಗೆ, ಮೂರನೆಯ ಕರುವಿನ ನಂತರದ ಹಸುಗಳಲ್ಲಿ ಬರುತ್ತವೆ. ಜರ್ಸಿ ತಳಿಗೆ ಅಪಾಯ ಇನ್ನೂ ಹೆಚ್ಚು.

ಹಸು ಮಲಗಿದಾಗ ಮೊದಲ ಕೆಲಸ ಪಶುವೈದ್ಯರನ್ನು ಕರೆಸುವುದು. 1962 ಸಂಖ್ಯೆಗೂ ಫೋನ್ ಮಾಡಬಹುದು. ಅವರು ಬರುವತನಕ ಹಸು ಅಡ್ಡ ಬೀಳದಂತೆ ನೋಡಿಕೊಳ್ಳಿ. ಗೋಣಿಚೀಲಕ್ಕೆ ಹುಲ್ಲು ತುಂಬಿ ಎರಡೂ ಪಕ್ಕಕ್ಕೆ ಆನಿಸಿ, ಎದೆಯ ಮೇಲೆ ಕುಳಿತಿರುವಂತೆ ಮಾಡಬೇಕು. ಅಡ್ಡ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕೆಳಗೆ ದಪ್ಪನಾಗಿ ಹುಲ್ಲು ಹಾಸಿ. ಒಂದೇ ತೊಡೆಯ ಮೇಲೆ ಭಾರ ಬಿದ್ದರೆ ರೋಗ ವಾಸಿಯಾದರೂ ಕಾಲು ಏಳುವುದಿಲ್ಲ. ಬಾಯಿಗೆ ಏನನ್ನೂ ಹಾಕಬಾರದು. ಆ ದಿನ ನೆರೆಯವರು ರಾಗಿ ಅಂಬಲಿಯನ್ನು ಗೊಟ್ಟದಲ್ಲಿ ತಂದಿದ್ದರು. ಸದ್ಯ, ಮನೆಯವರು ತಡೆದರು. ಈ ಸ್ಥಿತಿಯಲ್ಲಿ ಹಸುವಿಗೆ ನುಂಗುವ ಶಕ್ತಿ ಇರುವುದಿಲ್ಲ. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಮುಳುವಾಗುತ್ತದೆ.

ವೈದ್ಯರು ಬಂದು 450 ಮಿ.ಲೀ. ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಬಾಟಲಿಯನ್ನು ಮೈಬಿಸಿಗೆ ತಂದು, ಹೃದಯದ ಬಡಿತ ಆಲಿಸುತ್ತ, ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಏರಿಸಿದರು. ಇದು ನಾವು ಮಾಡುವ ಕೆಲಸವಲ್ಲ. ವೇಗವಾಗಿ ಏರಿಸಿದರೆ ಹೃದಯ ನಿಂತುಹೋಗುತ್ತದೆ. ಬಾಟಲಿ ಮುಗಿಯುವ ಹೊತ್ತಿಗೆ ಹಸು ತೇಗಿತು, ಮೈ ನಡುಗಿತು, ಮೂತಿಯಲ್ಲಿ ಹನಿ ಮೂಡಿತು, ಸಗಣಿ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಸು ಎದ್ದಿತೆಂಬ ಸಂತೋಷದಲ್ಲಿ ಮರುದಿನ ಸಂಜೆ ಮತ್ತೆ ಪೂರ್ತಿ ಹಿಂಡಿದರು. ರಾತ್ರಿ ಹಸು ಪುನಃ ಮಲಗಿತು, ಎರಡನೆಯ ಬಾಟಲಿ ಬೇಕಾಯಿತು. ವಾಸಿಯಾದ ನಾಲ್ಕು ಹಸುಗಳಲ್ಲಿ ಸುಮಾರು ಒಂದು ಹೀಗೆ ಎರಡು ದಿನದೊಳಗೆ ಮತ್ತೆ ಬೀಳುವುದುಂಟು. ಹಿಂದೆ, ಕ್ಯಾಲ್ಸಿಯಂ ಅಭಾವವೇ ಕಾರಣವೆಂದು 1925ರಲ್ಲಿ ಗೊತ್ತಾಗುವ ಮುಂಚೆ, ಯುರೋಪಿನಲ್ಲಿ ಇಂತಹ ಹಸುವಿನ ಕೆಚ್ಚಲಿಗೆ ಗಾಳಿ ತುಂಬಿಸುತ್ತಿದ್ದರು. ಎಷ್ಟೋ ಹಸುಗಳು ಏಳುತ್ತಿದ್ದವು. ಕೆಚ್ಚಲೊಳಗೆ ಒತ್ತಡ ಹೆಚ್ಚಿದರೆ ಹೊಸ ಹಾಲು ಇಳಿಯುವುದು ನಿಧಾನವಾಗಿ, ರಕ್ತದ ಕ್ಯಾಲ್ಸಿಯಂ ಉಳಿಯುತ್ತದೆ. ಗಾಳಿ ತುಂಬಿಸಿದರೆ ಕೆಚ್ಚಲು ಬಾವು ಬರುವ ಭಯವಿರುವುದರಿಂದ ಈಗ ಅದು ಬೇಡ. ಆದರೆ ಅದರ ಪಾಠವನ್ನು ಬಿಡಬಾರದು. ಮೊದಲ ಎರಡು ದಿನ ಕರುವಿಗೆ ಬೇಕಾದಷ್ಟು, ಹೊತ್ತಿಗೆ ಎರಡು ಮೂರು ಲೀಟರ್ ತೆಗೆದು ಉಳಿದದ್ದನ್ನು ಕೆಚ್ಚಲಲ್ಲೇ ಬಿಡಿ. ಕೆಚ್ಚಲು ಬಾವು ಇದ್ದರೆ ಮಾತ್ರ ಈ ನಿಯಮ ಸಲ್ಲದು, ವೈದ್ಯರನ್ನು ಕೇಳಿ.

ನಂತರ ನಾನು ಸದಸ್ಯರನ್ನು ವಿಚಾರಿಸಿದೆ: ಗಬ್ಬದ ಕೊನೆಯ ತಿಂಗಳು ಏನು ಹಾಕಿದಿರಿ? "ಯಾವುದಕ್ಕೂ ಕಡಿಮೆ ಮಾಡಿಲ್ಲ ಸಾರ್. ದಿನಾ ಒಂದು ಹಿಡಿ ಖನಿಜ ಮಿಶ್ರಣ, ತೋಟದ ನೇಪಿಯರ್ ಹುಲ್ಲು ಹೊಟ್ಟೆ ತುಂಬ" ಎಂದರು. ತಪ್ಪಾದದ್ದು ಅಲ್ಲಿಯೇ. ಹಾಲು ಕೊಡುವಾಗ ಖನಿಜ ಮಿಶ್ರಣ ಅವಶ್ಯ. ಆದರೆ ಈಯುವ ಮುಂಚಿನ ಮೂರು ವಾರ ಹೊರಗಿನಿಂದ ಕ್ಯಾಲ್ಸಿಯಂ ಯಥೇಚ್ಛವಾಗಿ ಬರುತ್ತಿದ್ದರೆ, ಎಲುಬಿನಿಂದ ತೆಗೆದುಕೊಳ್ಳುವ ವ್ಯವಸ್ಥೆ ಮಲಗಿಬಿಡುತ್ತದೆ. ಹುಲ್ಲಿನದು ಎರಡನೆಯ ಕಾರಣ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಶಿಫಾರಸ್ಸಾಗಿದೆ. ಕಾಲುವೆ ಪಕ್ಕದ, ಮರದ ನಡುವಿನ ಹುಲ್ಲು ಆ ಗೊಬ್ಬರದ ಪಾಲನ್ನೂ ಸಗಣಿ ಗೊಬ್ಬರದ ಪೊಟ್ಯಾಷನ್ನೂ ಹೀರುತ್ತದೆ. ಪೊಟ್ಯಾಷ್ ಹೆಚ್ಚಿದ ಮೇವು ರಕ್ತವನ್ನು ಕ್ಷಾರದ ಕಡೆಗೆ ತಿರುಗಿಸಿ, ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುವ ಹಾರ್ಮೋನಿನ ಮಾತನ್ನು ಶರೀರ ಕೇಳದಂತೆ ಮಾಡುತ್ತದೆ. ತೋಟಗಾರರಾದ ನಮಗೆ ಈ ಕಾರಣ ಮುಖ್ಯ.

ಆದ್ದರಿಂದ ಗರ್ಭಧಾರಣೆಯ ದಿನವನ್ನು ಬರೆದಿಟ್ಟು 280 ದಿನ ಎಣಿಸಿ. ಮಾರ್ಚ್ 1ಕ್ಕೆ ಆಗಿದ್ದರೆ ಈಯುವುದು ಡಿಸೆಂಬರ್ 6ರ ಸುಮಾರಿಗೆ. ನವೆಂಬರ್ 15ರಿಂದ ಖನಿಜ ಮಿಶ್ರಣ, ಕುದುರೆಮಸಾಲೆ ಸೊಪ್ಪು, ಗ್ಲಿರಿಸಿಡಿಯಾ ಮತ್ತು ಗೊಬ್ಬರ ಹಾಕಿದ ತೋಟದ ಹುಲ್ಲು ನಿಲ್ಲಿಸಿ, ಮೆಕ್ಕೆಜೋಳದ ಮೇವನ್ನು ಮುಖ್ಯವಾಗಿ ಕೊಡಿ. ಈ ಮೇವಿನ ಬದಲಾವಣೆಯೊಂದೇ ಎಲ್ಲ ಹಸುವನ್ನೂ ಉಳಿಸುವುದಿಲ್ಲ. ಹಿಂದೊಮ್ಮೆ ಮಲಗಿದ ಹಸುವಿಗೆ, ಈಯುವ ಮುಂಚೆ ಕೊಡುವ ವಿಶೇಷ ಲವಣ ಮಿಶ್ರಣ ಅಥವಾ ಡಿ ಜೀವಸತ್ವದ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ. ಈದ ಕೂಡಲೇ ಒಮ್ಮೆ, ಸುಮಾರು 12 ಗಂಟೆಯ ಮೇಲೆ ಮತ್ತೊಮ್ಮೆ ಕ್ಯಾಲ್ಸಿಯಂ ಜೆಲ್ ಬಾಯಿಗೆ ಕೊಡಬಹುದು. ಹಸು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ. ಅಂದಿನಿಂದಲೇ ಖನಿಜ ಮಿಶ್ರಣವನ್ನು ಪುನಃ ಆರಂಭಿಸಿ.

ನಮ್ಮ ಸದಸ್ಯರ ಹಸು ಐದನೆಯ ಕರು ಹಾಕುವಾಗ ಇದೇ ರೀತಿ ನಡೆಸಿದರು. ಅವರ ಗಿಣ್ಣು ಈ ಸಲ ನೆರೆಮನೆಗೆ ಹೋದದ್ದು ಮೂರನೆಯ ದಿನ. ಹಸು ನಿಂತೇ ಇತ್ತು.

— ಕಾರ್ಯದರ್ಶಿ