ಗೆಳತಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಾಗ

ಅಟ್ಲಾಂಟಾದ ಉತ್ತರಕ್ಕಿರುವ ಕಮಿಂಗ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದ ಗೆಳತಿ ಒಂದು ಮಾರ್ಚ್ ಸಂಜೆ ಫೋನ್ ಮಾಡಿದಳು. "ಕೆಲಸ ಆಯ್ತು ಕಣೇ, ವಾಷಿಂಗ್ಟನ್ ಹತ್ತಿರ, ಆಶ್‌ಬರ್ನ್‌ನಲ್ಲಿ" ಅಂದಳು. ನನ್ನ ಬಾಯಿಂದ ಹೊರಟ ಮೊದಲ ಮಾತು, "ಅಯ್ಯೋ, ಹಂಗಾದ್ರೆ ನಮ್ಮನ್ನೆಲ್ಲ ಬಿಟ್ಟು ಹೋಗ್ತೀಯಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಬರ್ತಾ ಇರ್ತೀನಿ ಕಣೇ, ಎರಡು ಗಂಟೆ ಫ್ಲೈಟ್ ಅಷ್ಟೇ" ಅಂತ ಅವಳೇ ನನಗೆ ಸಮಾಧಾನ ಹೇಳತೊಡಗಿದಳು. ಐದು ಸುತ್ತು ಸಂದರ್ಶನ ಮುಗಿಸಿ ಗೆದ್ದವಳು ಅವಳು. ಆ ಸಂಜೆ ಅವಳದಾಗಬೇಕಿತ್ತು.

ಅವತ್ತಿನಿಂದ ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ಅಭಿನಂದನೆ ಹೇಳಿಸಿಕೊಳ್ಳಬೇಕಾದವರು ನಮಗೇ ಸಮಾಧಾನ ಹೇಳುತ್ತಿದ್ದರೆ, ಇಲ್ಲವೇ ಹೋಗುವುದಕ್ಕೆ ಕಾರಣ ಕೊಡಲು ಶುರು ಮಾಡಿದರೆ, ನಮ್ಮ ಮಾತು ದಾರಿ ತಪ್ಪಿದೆ ಎಂದೇ ಅರ್ಥ. ಬೇಸರವನ್ನು ನುಂಗಿಕೊಳ್ಳಬೇಕು ಅಂತಲ್ಲ. ಅದನ್ನು ಹೇಳದೆ ಬಿಟ್ಟರೆ ಹೋಗುವವರಿಗೆ ತಾವು ಯಾರಿಗೂ ಬೇಡವಾಗಿದ್ದೆವೇನೋ ಎನ್ನಿಸುತ್ತದೆ. ಎರಡನ್ನೂ ಹೇಳಬೇಕು, ಆದರೆ ಬೇರೆ ಬೇರೆ ಹೊತ್ತಿನಲ್ಲಿ.

ಮೊದಲ ದಿನ ಖುಷಿ ಮಾತ್ರ

ಸುದ್ದಿ ತಿಳಿದ ದಿನ ಮೆಸೇಜ್ ಕಳಿಸಬೇಡಿ, ಫೋನ್ ಮಾಡಿ. ಕೆಲಸದ ಬಗ್ಗೆ ಕೇಳಿ: ಏನು ಹುದ್ದೆ, ಯಾವ ತಂಡ, ಸಂದರ್ಶನದಲ್ಲಿ ಕಷ್ಟವೆನಿಸಿದ ಪ್ರಶ್ನೆ ಯಾವುದು, ಊರಿನಲ್ಲಿ ಅಮ್ಮ ಅಪ್ಪನಿಗೆ ಹೇಳಿದಾಗ ಏನಂದರು. ನಿಮಗೆ ಗೊತ್ತಿರುವ ಅವರ ದುಡಿಮೆಯನ್ನು ಹೆಸರಿಟ್ಟು ಹೇಳಿ. "ಕಂಗ್ರಾಟ್ಸ್" ಎಂಬ ಒಂದು ಪದಕ್ಕಿಂತ, "ಮಕ್ಕಳು ಮಲಗಿದ ಮೇಲೆ ರಾತ್ರಿ ಹನ್ನೊಂದರವರೆಗೂ ಕೂತು ಓದ್ತಿದ್ದೆ, ನಾನು ಕಣ್ಣಾರೆ ನೋಡಿದೀನಿ, ನಿಂಗೆ ಸಿಗ್ಲೇಬೇಕಿತ್ತು" ಅನ್ನುವ ಮಾತು ಬಹಳ ದಿನ ಉಳಿಯುತ್ತದೆ. ಸಂಬಳ ಕೇಳಬೇಡಿ. ಉತ್ತರ ವರ್ಜೀನಿಯಾದಲ್ಲಿ ಮನೆ ದುಬಾರಿ, ಬೆಲ್ಟ್‌ವೇ ಟ್ರಾಫಿಕ್ ಕೆಟ್ಟದ್ದು ಎಂಬ ಸಂಗತಿ ಅವರಿಗೂ ಗೊತ್ತಿದೆ. ಆ ಮಾತಿಗೆ ಇದು ದಿನವಲ್ಲ.

ಫೋನ್ ಇಡುವ ಮುಂಚೆ ತಪ್ಪದೆ ಕೇಳಬೇಕಾದ ಪ್ರಶ್ನೆ ಒಂದಿದೆ: "ಬೇರೆಯವರಿಗೆ ಹೇಳಬಹುದಾ, ಇನ್ನೂ ಬೇಡವಾ?" ನಮ್ಮ ನಡುವೆ ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ಎಚ್-1ಬಿ ವೀಸಾದಲ್ಲಿರುವವರು ಕಂಪನಿ ಬದಲಿಸಬೇಕಾದರೆ ಹೊಸ ಕಂಪನಿ ಅವರ ಪರವಾಗಿ ಹೊಸದೊಂದು ಅರ್ಜಿ ಹಾಕಬೇಕು. ಅರ್ಜಿ ಸಲ್ಲಿಕೆಯಾದ ಮೇಲೆ ಅಲ್ಲಿ ಕೆಲಸ ಶುರು ಮಾಡಲು ಕಾನೂನು ಅವಕಾಶ ಕೊಡುತ್ತದೆ, ಆದರೂ ಮಂಜೂರಾತಿ ಕೈಸೇರುವವರೆಗೆ ಹಳೇ ಕಂಪನಿಗೆ ರಾಜೀನಾಮೆ ಕೊಡದೆ ಕಾಯುವವರು ಬಹಳ. ಅಷ್ಟರೊಳಗೆ ನೀವು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿದರೆ, ಅದೇ ಗುಂಪಿನಲ್ಲಿರುವ ಸಹೋದ್ಯೋಗಿಯ ಮೂಲಕ ಸುದ್ದಿ ಮ್ಯಾನೇಜರ್ ಕಿವಿಗೆ ಬೀಳಬಹುದು. ಅವರು "ಹೇಳಬಹುದು" ಅನ್ನುವವರೆಗೆ ಸುದ್ದಿ ನಿಮ್ಮಲ್ಲೇ ಇರಲಿ.

ಇನ್ನೊಬ್ಬರನ್ನು ಮರೆಯಬಾರದು. ಕೆಲಸ ಸಿಕ್ಕಿದ್ದು ಒಬ್ಬರಿಗೆ, ಊರು ಬಿಡುವವರು ಮನೆಮಂದಿಯೆಲ್ಲ. ನನ್ನ ಗೆಳತಿಯ ಗಂಡ ಆಶ್‌ಬರ್ನ್‌ಗಾಗಿ ತನ್ನ ಕೆಲಸ ಬಿಡಬೇಕಿತ್ತು. ಎರಡು ವಾರ ಅಭಿನಂದನೆಗಳನ್ನೆಲ್ಲ ನಗುನಗುತ್ತ ಸ್ವೀಕರಿಸುತ್ತಿದ್ದ ಅವರನ್ನು ಕೊನೆಗೊಬ್ಬರು "ನಿಮ್ಮ ಕೆಲಸದ್ದು ಏನು ಮಾಡ್ತೀರಿ?" ಅಂತ ಕೇಳಿದಾಗ, ಅವರು ಅರ್ಧ ಗಂಟೆ ಮಾತಾಡಿದರು. ಅವರನ್ನು ಬೇರೆಯಾಗಿ ಮಾತಾಡಿಸಿ.

ಬೇಸರದ ಮಾತು ಯಾವಾಗ, ಹೇಗೆ

ಮೂರು ನಾಲ್ಕು ದಿನ ಬಿಡಿ. ಖುಷಿ ಸ್ವಲ್ಪ ತಣ್ಣಗಾಗಿರುತ್ತದೆ, ಮನೆ ಹುಡುಕುವ ಗಡಿಬಿಡಿ ಇನ್ನೂ ಹತ್ತಿರುವುದಿಲ್ಲ. ಅದು ಸರಿಯಾದ ಹೊತ್ತು. ಹೊರಡುವ ಬೆಳಗ್ಗೆಗೆಂದು ಇಟ್ಟುಕೊಳ್ಳಬೇಡಿ; ಆಗ ಕಾರಿನಲ್ಲಿ ಮಕ್ಕಳು ಕೂತಿರುತ್ತಾರೆ, ನಾವು ಅತ್ತರೆ ಅವರೂ ಅಳುತ್ತಾರೆ, ಮುಂದೆ ಹತ್ತು ಗಂಟೆ ಡ್ರೈವ್ ಮಾಡಬೇಕಾದವರಿಗೆ ಅದು ಹೊರೆ.

ನಾವೆಲ್ಲ "ಮಿಸ್ ಮಾಡ್ಕೋತೀನಿ" ಅಂತಲೇ ಹೇಳುತ್ತೇವೆ. ತಪ್ಪೇನಿಲ್ಲ, ಆದರೆ ಎಲ್ಲರೂ ಎಲ್ಲರಿಗೂ ಹೇಳಿ ಆ ಮಾತು ಸವೆದಿದೆ. ಕನ್ನಡದಲ್ಲಿ ನಾವು ಈ ಬೇಸರವನ್ನು ಜಾಗದ ಮೇಲೆ, ಹೊತ್ತಿನ ಮೇಲೆ ಇಟ್ಟು ಹೇಳುತ್ತೇವೆ. ಮನೆ ಬಿಕೋ ಅನ್ನುತ್ತೆ, ಸಂಜೆ ಹೊತ್ತು ಹೋಗಲ್ಲ, ಕೈ ಮುರಿದ ಹಾಗಾಗಿದೆ. ಅದೇ ದಾರಿ ಹಿಡಿಯಿರಿ. ನಿಮ್ಮಿಬ್ಬರ ದಿನದಲ್ಲಿ ಖಾಲಿಯಾಗುವ ಒಂದು ಜಾಗವನ್ನು ಹುಡುಕಿ, ಅದನ್ನಷ್ಟೇ ಹೇಳಿ.

ಎರಡು ಮಾತಿನ ನಡುವೆ "ಆದರೆ" ಹಾಕಬೇಡಿ. "ತುಂಬಾ ಖುಷಿ ಆಯ್ತು, ಆದರೆ..." ಅಂದ ಕೂಡಲೇ ಕೇಳುವವರ ಕಿವಿ ಖುಷಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತದೆ. ಖುಷಿಯ ವಾಕ್ಯ ಪೂರ್ತಿ ಮುಗಿಯಲಿ. ಬೇಸರದ್ದು ಹೊಸ ವಾಕ್ಯವಾಗಿ ಬರಲಿ. ಕೊನೆಗೆ ಅವರು ಹೋಗುವುದು ಸರಿ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ.

ನಾಲ್ಕನೆಯ ದಿನ ನಾನು ಗೆಳತಿಗೆ ಬರೆದದ್ದು ಇದು:

"ಅವತ್ತು ನಾನು ಸರಿಯಾಗಿ ಮಾತಾಡಲಿಲ್ಲ ಕಣೇ. ಈಗ ಹೇಳ್ತೀನಿ. ಆ ಕೆಲಸ ನಿಂಗೆ ಸಿಕ್ಕಿದ್ದು ನಂಗೇ ಸಿಕ್ಕಷ್ಟು ಖುಷಿ. ಎರಡು ವರ್ಷ ನೀನು ಪಟ್ಟ ಪಾಡು ನಂಗೆ ಗೊತ್ತು. ಶುಕ್ರವಾರ ಸಾಯಂಕಾಲ ಕಾಫಿಗೆ ನೀರಿಡುವಾಗ ಎರಡು ಲೋಟ ತೆಗೀತೀನಿ, ಇನ್ನು ಮೇಲೂ ಸ್ವಲ್ಪ ದಿನ ಹಾಗೇ ತೆಗೀತೀನಿ ಅನ್ಸುತ್ತೆ. ನೀನು ಹೋಗ್ಲೇಬೇಕು. ಸಾಮಾನು ಕಟ್ಟೋಕೆ ಯಾವ ಶನಿವಾರ ಬರ್ಲಿ, ಹೇಳು."

ಬೇಸರದ್ದು ಒಂದೇ ವಾಕ್ಯ. ಅಷ್ಟು ಸಾಕು. ಕೊನೆಯ ಪ್ರಶ್ನೆಗೆ ಅವರು ಸುಲಭವಾಗಿ ಉತ್ತರ ಕೊಡಬಹುದು. ಬೇಸರಕ್ಕೆ ಏನು ಉತ್ತರ ಕೊಡಲಿ ಅಂತ ತಡಕಾಡಬೇಕಾಗಿಲ್ಲ. ಗಂಡಸರ ನಡುವೆಯೂ ಇದೇ ಅಳತೆ ನಡೆಯುತ್ತದೆ. "ಭಾನುವಾರ ಬೆಳಗ್ಗೆ ಕ್ರಿಕೆಟ್‌ಗೆ ಯಾರನ್ನ ಎಬ್ಬಿಸ್ಲಿ ಮಾರಾಯ" ಅಂದರೆ ಗೆಳೆಯನಿಗೆ ಪೂರ್ತಿ ಅರ್ಥವಾಗುತ್ತದೆ. ವಯಸ್ಸಿನಲ್ಲಿ ದೊಡ್ಡವರಾದರೆ, "ನೀವು ಹೊರಟ ಮೇಲೆ ಗಣೇಶನ ಹಬ್ಬಕ್ಕೆ ಮಂಗಳಾರತಿ ಹಾಡು ಎತ್ತಿಕೊಡೋರು ಯಾರೂ ಇಲ್ಲ" ಎಂಬಂಥ ಮಾತು ಅವರ ಸ್ಥಾನವನ್ನೂ ತೋರಿಸುತ್ತದೆ.

ಕೊಡುವುದೇನು, ಇಟ್ಟುಕೊಳ್ಳುವುದೇನು

ಮನೆ ಖಾಲಿ ಮಾಡುವವರಿಗೆ ದೊಡ್ಡ ಉಡುಗೊರೆ ಅಂದರೆ ಇನ್ನೊಂದು ಪೆಟ್ಟಿಗೆ. ದೂರದ ಸಾಗಣೆಗೆ ತೂಕ ಅಥವಾ ಜಾಗ ನೋಡಿ ಹಣ ತೆಗೆದುಕೊಳ್ಳುತ್ತಾರೆ, ಕೆಡುವ ತಿಂಡಿ ಮತ್ತು ಗಿಡಗಳನ್ನು ಲಾರಿಗೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ನಾನು ಕೊಟ್ಟದ್ದು ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಒಂದು ಪುಟ್ಟ ಸ್ಟೀಲ್ ಪಾತ್ರೆ. ಅದು ಕೈಚೀಲದಲ್ಲೇ ಹೋಯಿತು, ಮೊದಲ ದಿನವೇ ಬಳಕೆಗೆ ಬಂತು.

ಗೆಳತಿಯ ಕರಿಬೇವಿನ ಗಿಡದ ಕಥೆ ಬೇರೆ. ಎದೆಮಟ್ಟ ಬೆಳೆದಿದ್ದ ಅದನ್ನು ಕಾರಿನಲ್ಲಿ ಒಯ್ಯಬೇಕೆಂದು ಅವಳಿಗೆ ಆಸೆ, ಆದರೆ ಅದಕ್ಕೆ ಕಾನೂನು ಅಡ್ಡ. ನಿಂಬೆ, ಕಿತ್ತಳೆ ಜಾತಿಯ ಮರಗಳನ್ನು ಕೊಲ್ಲುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಆ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆ ಜಾರ್ಜಿಯಾವನ್ನು ನಿರ್ಬಂಧದ ವ್ಯಾಪ್ತಿಯಲ್ಲಿ ಇಟ್ಟಿದೆ. ಇಲ್ಲಿಂದ ಗಿಡವನ್ನಾಗಲಿ ಹಸಿ ಎಲೆಯನ್ನಾಗಲಿ ಮನಸ್ಸು ಬಂದಂತೆ ಬೇರೆ ರಾಜ್ಯಕ್ಕೆ ಒಯ್ಯುವ ಹಾಗಿಲ್ಲ. ನಿಮ್ಮ ಸ್ನೇಹಿತರು ಅಟ್ಲಾಂಟಾ ಬಿಡುತ್ತಿದ್ದರೆ ಅವರು ಕೇಳುವ ಮೊದಲೇ "ಗಿಡ ನಾನು ನೋಡ್ಕೋತೀನಿ" ಅನ್ನಿ. ರಾತ್ರಿಯ ತಾಪಮಾನ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯತೊಡಗಿದಾಗ ಕುಂಡವನ್ನು ಒಳಗೆ ತಂದು, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟು, ಚಳಿಗಾಲದುದ್ದಕ್ಕೂ ನೀರು ಕಡಿಮೆ ಮಾಡಿ. ಎಲೆ ಉದುರಿದರೆ ಗಾಬರಿ ಬೇಡ, ಏಪ್ರಿಲ್‌ನಲ್ಲಿ ಚಿಗುರುತ್ತದೆ.

ಕೈಗೆ ಕೊಡಬಹುದಾದ ಇನ್ನೊಂದು ವಸ್ತು, ಹೊಸ ಊರಿನ ಒಬ್ಬರ ಫೋನ್ ನಂಬರು. ವಾಷಿಂಗ್ಟನ್ ಕಡೆಗೆ ಕಾವೇರಿ ಕನ್ನಡ ಸಂಘವಿದೆ, ರಾಲಿ ಸುತ್ತ ಸಂಪಿಗೆ, ಅಟ್ಲಾಂಟಾದಲ್ಲಿ ನಮ್ಮ ನೃಪತುಂಗ ಕನ್ನಡ ಕೂಟ. ಸಂಘದ ಹೆಸರು ಹೇಳಿ ಬಿಡಬೇಡಿ. ಆ ಊರಲ್ಲಿ ನಿಮಗೆ ಪರಿಚಯವಿರುವ ಒಂದು ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು, ಇಬ್ಬರಿಗೂ ಪರಿಚಯ ಮಾಡಿಕೊಡಿ. 2012ರಲ್ಲಿ ಅಟ್ಲಾಂಟಾದಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ಊಟದ ಸಾಲಿನಲ್ಲಿ ನನ್ನ ಪಕ್ಕ ಬಡಿಸುತ್ತಿದ್ದವರೊಬ್ಬರು ಈಗ ಹರ್ಂಡನ್‌ನಲ್ಲಿದ್ದಾರೆ. ಗೆಳತಿ ಹೋದ ವಾರವೇ ಅವರ ಮನೆಯಿಂದ ಅವಳಿಗೆ ಸಾರು, ಪಲ್ಯ ಬಂತು.

ಹೊರಡುವ ಹೊತ್ತು

ಬೀಳ್ಕೊಡುಗೆ ಊಟದ ದಿನವನ್ನು ನಿಮ್ಮ ಅನುಕೂಲಕ್ಕಲ್ಲ, ಮಕ್ಕಳ ಶಾಲೆ ನೋಡಿ ಗೊತ್ತುಮಾಡಿ. ನಮ್ಮ ಫಾರ್ಸೈತ್ ಕೌಂಟಿಯಲ್ಲಿ ಮೇ ಕೊನೆಗೆ ಶಾಲೆ ಮುಗಿದು ಆಗಸ್ಟ್ ಮೊದಲ ದಿನಗಳಲ್ಲೇ ಶುರುವಾಗುತ್ತದೆ. ಆಶ್‌ಬರ್ನ್ ಇರುವ ಲೌಡನ್ ಕೌಂಟಿಯಲ್ಲಿ ಆಗಸ್ಟ್ ಕೊನೆಯ ಭಾಗಕ್ಕೆ ಶುರು. ಹೀಗಾಗಿ ಇಲ್ಲಿಂದ ಅಲ್ಲಿಗೆ ಹೋಗುವ ಮಕ್ಕಳಿಗೆ ಬೇಸಿಗೆ ರಜೆ ಉದ್ದವಾಗುತ್ತದೆ. ಅಲ್ಲಿಂದ ಇಲ್ಲಿಗೆ ಬರುವವರಿಗೆ ಮೊಟಕಾಗುತ್ತದೆ, ಅವರು ಜುಲೈನಲ್ಲೇ ಹೊರಟುಬಿಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಕೆಲಸ ಸಿಕ್ಕವರು ಮೊದಲು ಹೋಗಿ, ಶಾಲೆ ಮುಗಿದ ಮೇಲೆ ಉಳಿದವರು ಹೋಗುತ್ತಾರೆ. ಆ ನಡುವಿನ ವಾರಗಳಲ್ಲಿ ಇಲ್ಲಿ ಉಳಿದವರಿಗೆ ಊಟ, ಮಕ್ಕಳನ್ನು ಕರೆತರುವುದು, ಇಂಥ ಸಹಾಯವೇ ನೂರು ಮಾತಿಗಿಂತ ಹೆಚ್ಚು ಬೇಕಾಗುವುದು.

ಹೊರಡುವ ಬೆಳಗ್ಗೆ ಬುತ್ತಿ ಕಟ್ಟಿಕೊಡಿ. ಪುಳಿಯೋಗರೆ ಸುಲಭವಾಗಿ ಕೆಡುವುದಿಲ್ಲ. ಮೊಸರನ್ನವಾದರೆ ಅನ್ನಕ್ಕೆ ಹಾಲು ಹೆಚ್ಚು ಹಾಕಿ, ಎರಡೇ ಚಮಚ ಮೊಸರು ಬೆರೆಸಿ, ಐಸ್ ಪೆಟ್ಟಿಗೆಯಲ್ಲಿಡಿ, ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಅರಿಶಿನ ಕುಂಕುಮ ಕೊಟ್ಟು "ಹೋಗಿ ಬಾ" ಅನ್ನಿ. ಹೇಳಬೇಕಾದದ್ದನ್ನು ಮೊದಲೇ ಹೇಳಿದ್ದರೆ ಆಗ ಬೇರೆ ಮಾತು ಬೇಕಾಗುವುದಿಲ್ಲ.

"ಬರ್ತಾ ಇರು" ಎಂದು ಬಿಡುವ ಬದಲು ಒಂದು ದಿನಾಂಕವನ್ನು ಬರೆದಿಡಿ. ಅಟ್ಲಾಂಟಾದಿಂದ ಐ-85 ಹಿಡಿದರೆ ಶಾರ್ಲಟ್‌ಗೆ ನಾಲ್ಕು ಗಂಟೆ. ಇನ್ನೂ ಒಂದೂವರೆ ಗಂಟೆ ಮುಂದೆ ಹೋದರೆ ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೊ, ವಾಷಿಂಗ್ಟನ್ ಕಡೆಯಿಂದ ಬರುವವರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಡ್ರೈವ್ ಬೇಡವೆಂದರೆ ಆಮ್‌ಟ್ರ್ಯಾಕ್‌ನ ಕ್ರೆಸೆಂಟ್ ರೈಲು ರಾತ್ರಿಯಿಡೀ ಇದೇ ಊರುಗಳ ಮೇಲೆ ಹಾದು ಅಟ್ಲಾಂಟಾ ಮತ್ತು ವಾಷಿಂಗ್ಟನ್ ನಡುವೆ ಓಡುತ್ತದೆ. ನಾವು ಅಕ್ಟೋಬರ್ ಎರಡನೇ ಶನಿವಾರವನ್ನು ಅವಳು ಕಾರು ಹತ್ತುವ ಮೊದಲೇ ಗೊತ್ತು ಮಾಡಿದ್ದೆವು. ಅವತ್ತು ಗ್ರೀನ್ಸ್‌ಬರೊದ ಒಂದು ಪಾರ್ಕಿನಲ್ಲಿ ಇಬ್ಬರೂ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದೆವು.