ಭಾವಚಿತ್ರಕ್ಕೆ ಬಿಳಿ ಕೋಟು: ಕಾಲರ್ ಕೂರಿಸುವ ಕ್ರಮ

ಕ್ಲಿನಿಕ್ ಕರಪತ್ರಕ್ಕೆ ಡಾಕ್ಟರು ಕೊಟ್ಟಿರುವುದು ನೀಲಿ ಶರ್ಟಿನ ಫೋಟೊ. ಬೇಕಾಗಿರುವುದು ಕೋಟು, ಸ್ಟೆತಸ್ಕೋಪ್ ಇರುವ ಫೋಟೊ. ಫೋಟೊಶಾಪ್‌ನಲ್ಲಿ ಇದನ್ನು ಮಾಡುವಾಗ ಹೆಚ್ಚಾಗಿ ಕೆಡುವುದು ಕುತ್ತಿಗೆಯ ಹತ್ತಿರ. ಅಲ್ಲಿ ಯಾವುದರ ಮೇಲೆ ಯಾವುದು ಬರುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

1. ಮೊದಲು ಕೋಟಿನ ಚಿತ್ರ ಆರಿಸಿ. ಡಾಕ್ಟರ ಭುಜ ಎಷ್ಟು ತಿರುಗಿದೆಯೋ ಕೋಟೂ ಅಷ್ಟೇ ತಿರುಗಿರಬೇಕು, ಬೆಳಕೂ ಅದೇ ಕಡೆಯಿಂದ ಬಿದ್ದಿರಬೇಕು. ಬೆಳಕು ಹೊಂದಲೆಂದು ಕೋಟನ್ನು ಎಡಬಲ ತಿರುಗಿಸಬೇಡಿ. ಎದೆಯ ಜೇಬು ಬಲಕ್ಕೆ ಹೋಗುತ್ತದೆ, ಗುಂಡಿಗಳೂ ಅದಲುಬದಲಾಗುತ್ತವೆ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಏನೋ ತಪ್ಪಿದೆ ಅನ್ನಿಸುತ್ತದೆ.

2. ಕೋಟನ್ನು Pen Tool ಬಳಸಿ ಕತ್ತರಿಸಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಬಟ್ಟೆಯ ಅಂಚು ತಾನಾಗಿ ಆರಿಸುವ ಉಪಕರಣಗಳಿಗೆ ಸುಲಭವಾಗಿ ಸಿಗುವುದಿಲ್ಲ. ಕತ್ತರಿಸಿದ್ದನ್ನು ಭಾವಚಿತ್ರದ ಮೇಲಿನ ಲೇಯರ್‌ನಲ್ಲಿಟ್ಟು, Ctrl+T ಒತ್ತಿ ಅಳತೆ ಹೊಂದಿಸಿ. ಕೋಟಿನ ಭುಜ ಶರ್ಟಿನ ಭುಜಕ್ಕಿಂತ ಕೂದಲೆಳೆಯಷ್ಟು ಹೊರಗಿರಲಿ. ಆಗಲೂ ನೀಲಿ ಇಣುಕಿದರೆ Warp ಬಳಸಿ ಅಲ್ಲಷ್ಟೇ ಎಳೆಯಿರಿ.

3. ಈಗ ಕಾಲರ್. ಕೋಟು ತೊಟ್ಟಾಗ ಚರ್ಮಕ್ಕೆ ತಾಗುವುದು ಶರ್ಟಿನ ಕಾಲರ್, ಕೋಟಿನದಲ್ಲ. ಹಾಗಾಗಿ ಕುತ್ತಿಗೆಗೂ ಬಿಳಿ ಕಾಲರಿಗೂ ನಡುವೆ ನೀಲಿಯ ಪಟ್ಟಿಯೊಂದು ಕಾಣಲೇಬೇಕು. ಶರ್ಟಿನ ಕಾಲರಿನ ಹೊರತುದಿಗಳು ಕೋಟಿನ ಮಡಿಕೆಯ ಅಡಿಗೆ ಹೋಗಬೇಕು. ಕೋಟಿನ ಲೇಯರ್‌ಗೆ Layer Mask ಹಾಕಿ, ಕಪ್ಪು ಕುಂಚದಿಂದ ಕೋಟಿನ ಕತ್ತಿನ ಒಳಭಾಗವನ್ನು ಮರೆಮಾಡಿ. ಕೆಳಗಿನ ಕುತ್ತಿಗೆ, ಶರ್ಟು ಕಾಣಿಸುತ್ತವೆ. ಕೈ ಜಾರಿದರೆ ಬಿಳಿ ಕುಂಚದಿಂದ ಮರಳಿಸಬಹುದು. ಇಲ್ಲಿ Eraser ಬೇಡ, ಅದು ಅಳಿಸಿದ್ದನ್ನು ಆಮೇಲೆ ತಿದ್ದಲಾಗದು.

ಕುಂಚದ ಅಂಚು ತೀರಾ ಮೃದುವಾಗಿದ್ದರೆ ಕಾಲರ್ ಮಂಜಿನಂತೆ ಕರಗುತ್ತದೆ. Hardness 80ರ ಸುಮಾರಿಗಿರಲಿ.

4. ಮಡಿಕೆಯ ನೆರಳು ಬೀಳದಿದ್ದರೆ ಕೋಟು ಅಂಟಿಸಿದಂತೆ ಕಾಣುತ್ತದೆ. ಭಾವಚಿತ್ರಕ್ಕೂ ಕೋಟಿಗೂ ನಡುವೆ ಹೊಸ ಲೇಯರ್ ತೆರೆದು Multiply ಆರಿಸಿ. ಶರ್ಟಿನದೇ ಕಡುನೀಲಿಯನ್ನು ತೆಗೆದುಕೊಂಡು, ಬೆಳಕಿನ ಎದುರು ಬದಿಯಲ್ಲಿ ಮೃದು ಕುಂಚದಿಂದ ತೆಳುವಾಗಿ ಬಳಿಯಿರಿ. ಅಪ್ಪಟ ಕಪ್ಪು ಬಳಸಿದರೆ ಮಸಿ ಮೆತ್ತಿದ ಹಾಗಾಗುತ್ತದೆ.

5. ಸ್ಟೆತಸ್ಕೋಪ್ ಎಲ್ಲಕ್ಕಿಂತ ಮೇಲಿನ ಲೇಯರ್. ಅದರ ಕೊಳವೆ ಕತ್ತಿನ ಹಿಂದಿನಿಂದ ಬಂದು ಕೋಟಿನ ಕಾಲರಿನ ಮೇಲೆ ಇಳಿಯುತ್ತದೆ. ಆದ್ದರಿಂದ ಕುತ್ತಿಗೆ, ಶರ್ಟಿನ ಕಾಲರ್, ಕೂದಲು ಇರುವಲ್ಲಿ ಮಾತ್ರ ಅದನ್ನು ಮಾಸ್ಕಿನಿಂದ ಮರೆಮಾಡಿ. ಕೊಳವೆಯ ಅಡಿಗೂ ತೆಳು ನೆರಳು ಬೇಕು. ಇದು ಬೂದು ಬಣ್ಣದ್ದು.

6. ಕೊನೆಗೆ ಬಿಳಿಯನ್ನು ನೋಡಿ. ಕೋಟು ಪೂರ್ತಿ 255ಕ್ಕೆ ಏರಿದ್ದರೆ ಅಲ್ಲಿ ಶಾಯಿಯೇ ಬೀಳದೆ ಕೋಟು ಕಾಗದದಲ್ಲಿ ಕಳೆದುಹೋಗುತ್ತದೆ. Curvesನಲ್ಲಿ 240ರ ಆಸುಪಾಸಿಗೆ ಇಳಿಸಿ, ಕೋಟು ಕಾಗದದಿಂದ ಬೇರೆಯಾಗಿ ಕಾಣುತ್ತದೆ. ಮುದ್ರಣದ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಲಿ: ಮೂರಿಂಚು ಅಗಲದ ಫೋಟೊಗೆ 900 ಪಿಕ್ಸೆಲ್.

ಡಾಕ್ಟರ ಒಪ್ಪಿಗೆ ಪಡೆದು, ಅವರಿಗೆ ತೋರಿಸಿಯೇ ಅಚ್ಚಿಗೆ ಕಳಿಸಿ. ವೈದ್ಯರಲ್ಲದವರ ಫೋಟೊಗೆ ಈ ಕೋಟು ತೊಡಿಸಬೇಡಿ. ಕರಪತ್ರ ನೋಡಿ ಬರುವ ರೋಗಿ ಅದನ್ನು ನಂಬುತ್ತಾನೆ.